ಸ್ವಾಗತ ಪತ್ರವನ್ನು ಮೂರು ಸಲ ತಿದ್ದಿ ಬರೆದ ಕಥೆ

ನಾನು ಆರೋಗ್ಯ ವಿಮೆ ಮಾಡಿಸುವ ಏಜೆಂಟ್. ಪಾಲಿಸಿ ಬಂದ ವಾರದೊಳಗೆ ಪಾಲಿಸಿದಾರರಿಗೆ ಒಂದು ಸ್ವಾಗತ ಪತ್ರ ಕೊಡುವುದು ನನ್ನ ರೂಢಿ. ಶುರುವಿನ ವರ್ಷಗಳಲ್ಲಿ ಕೊಡುತ್ತಿದ್ದ ಪತ್ರ ಈಗಲೂ ನನ್ನ ಫೈಲಿನಲ್ಲಿದೆ. ಓದಿದರೆ ನಗು ಬರುತ್ತದೆ. ಅಭಿನಂದನೆಗೆ ಒಂದು ಪ್ಯಾರಾ, ಕಂಪನಿ ಎಷ್ಟು ದೊಡ್ಡದು ಅನ್ನುವುದಕ್ಕೆ ಎರಡು ಪ್ಯಾರಾ, ಆಮೇಲೆ ಪಾಲಿಸಿ ಪುಸ್ತಕದಿಂದ ಎತ್ತಿ ಹಾಕಿದ ಹತ್ತು ಹನ್ನೆರಡು ಸಾಲು, ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಸಹಾಯವಾಣಿ ನಂಬರ್. ನೋಡಲು ಚೆನ್ನಾಗಿತ್ತು. ಯಾರೂ ಓದುತ್ತಿರಲಿಲ್ಲ, ಯಾಕೆಂದರೆ ಓದಿದವರಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ಅದು ನನಗೆ ಗೊತ್ತಾಗಿದ್ದು ಒಂದು ಮೂಳೆ ಮುರಿತದ ಕ್ಲೇಮ್‌ನಲ್ಲಿ.

ಒಬ್ಬ ಪಾಲಿಸಿದಾರರು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಪ್ಲೇಟು, ಸ್ಕ್ರೂ ಹಾಕಿ ಆಪರೇಷನ್ ಆಯಿತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಅವರ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇತ್ತು. ಆ ಮಿತಿಯೊಳಗಿನ ರೂಮ್ ಖಾಲಿ ಇತ್ತು, ಆದರೆ ಅವರು ಅದಕ್ಕಿಂತ ದೊಡ್ಡದನ್ನು ತೆಗೆದುಕೊಂಡರು. "ಹೆಚ್ಚಾದ ಬಾಡಿಗೆ ನಾನೇ ಕೊಟ್ಟರಾಯಿತು, ಅಲ್ವಾ?" ಅನ್ನುವುದು ಅವರ ಲೆಕ್ಕ. ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಡಿಸ್ಚಾರ್ಜ್ ದಿನ ಕೈಯಿಂದ ಕಟ್ಟಬೇಕಾದ ಮೊತ್ತ ನೋಡಿ ಅವರು ನನಗೆ ಫೋನ್ ಮಾಡಿದಾಗ ದನಿಯಲ್ಲಿ ಸಿಟ್ಟಿಗಿಂತ ಗೊಂದಲ ಜಾಸ್ತಿ ಇತ್ತು.

ಆ ಬಿಲ್ಲನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಸಂಖ್ಯೆಗಳನ್ನು ಚಿಕ್ಕದು ಮಾಡಿದ್ದೇನೆ, ಪ್ರಮಾಣ ಮಾತ್ರ ಹಾಗೇ ಇದೆ. ಪಾಲಿಸಿ ಒಪ್ಪುವ ರೂಮ್ ಬಾಡಿಗೆ ದಿನಕ್ಕೆ 40. ಅವರು ತೆಗೆದುಕೊಂಡ ರೂಮ್ 60. ನಾಲ್ಕು ದಿನಕ್ಕೆ ಬಾಡಿಗೆ 240. ಸರ್ಜನ್ ಫೀಸ್, ಆಪರೇಷನ್ ಥಿಯೇಟರ್, ನರ್ಸಿಂಗ್, ಡಾಕ್ಟರ್ ಬಂದು ನೋಡಿದ್ದು ಎಲ್ಲ ಸೇರಿ 600. ಔಷಧಿ ಮತ್ತು ಪ್ಲೇಟು, ಸ್ಕ್ರೂ 300. ಫೈಲ್ ಖರ್ಚು, ಗ್ಲೌಸ್, ಜೊತೆಗಿದ್ದವರ ಊಟ ಇಂಥ ಚಿಲ್ಲರೆ 60. ಒಟ್ಟು 1200.

ಅವರ ಎಣಿಕೆ ಹೀಗಿತ್ತು: ರೂಮಿನ ವ್ಯತ್ಯಾಸ ದಿನಕ್ಕೆ 20, ನಾಲ್ಕು ದಿನಕ್ಕೆ 80, ಅಷ್ಟೇ. ಕಂಪನಿಯ ಎಣಿಕೆ ಬೇರೆ. 60ರ ರೂಮಿನಲ್ಲಿ 40ಕ್ಕೆ ಮಾತ್ರ ಅರ್ಹತೆ ಅಂದರೆ ಮೂರರಲ್ಲಿ ಎರಡು ಪಾಲು. ಈ ಎರಡು ಪಾಲಿನ ಲೆಕ್ಕ ಬಾಡಿಗೆಗೆ ಮಾತ್ರ ನಿಲ್ಲಲಿಲ್ಲ, ಸರ್ಜನ್ ಫೀಸು, ಥಿಯೇಟರು, ನರ್ಸಿಂಗಿಗೂ ಬಂತು. 600ರಲ್ಲಿ ಸಿಕ್ಕಿದ್ದು 400. ಬಾಡಿಗೆಯಲ್ಲಿ 160. ಔಷಧಿ ಮತ್ತು ಪ್ಲೇಟಿನ 300 ಪೂರ್ತಿ ಸಿಕ್ಕಿತು, ಅದಕ್ಕೂ ರೂಮಿಗೂ ಸಂಬಂಧವಿಲ್ಲ. ಚಿಲ್ಲರೆ 60ರಲ್ಲಿ ಏನೂ ಇಲ್ಲ. ಒಟ್ಟು ಸಿಕ್ಕಿದ್ದು 860, ಕೈಯಿಂದ ಹೋಗಿದ್ದು 340. ಅದರಲ್ಲಿ ಆ ದೊಡ್ಡ ರೂಮಿನಿಂದಲೇ ಆದ ಪೆಟ್ಟು 280. ಅವರು ಅಂದುಕೊಂಡಿದ್ದು 80.

ಇದು ಅನ್ಯಾಯ ಅಂತ ಅನ್ನಿಸಬಹುದು, ಆದರೆ ಕಾರಣ ಇದೆ. ಎಷ್ಟೋ ಆಸ್ಪತ್ರೆಗಳಲ್ಲಿ ರೂಮ್ ದೊಡ್ಡದಾದರೆ ಅದೇ ಆಪರೇಷನ್ನಿಗೆ, ಅದೇ ಡಾಕ್ಟರ ಭೇಟಿಗೆ ದರವೂ ಏರುತ್ತದೆ. ರೂಮಿನ ಮೇಲೆ ದರ ಬದಲಾಗದ ಆಸ್ಪತ್ರೆಯಾದರೆ ಈ ಕಡಿತವನ್ನು ಪ್ರಶ್ನೆ ಮಾಡಬಹುದು. ಹಾಗೆ ಪ್ರಶ್ನೆ ಮಾಡಿ ಹಣ ವಾಪಸ್ ತರಿಸಿದ್ದೂ ಇದೆ. ಇವರ ವಿಷಯದಲ್ಲಿ ಆಸ್ಪತ್ರೆಯ ದರಪಟ್ಟಿಯಲ್ಲೇ ರೂಮಿಗೊಂದು ದರ ಇತ್ತು. ಏನೂ ಮಾಡಲಾಗಲಿಲ್ಲ.

ಅವರ ಮನೆಗೆ ಹೋದಾಗ ನನ್ನ ಸ್ವಾಗತ ಪತ್ರ ತೆಗೆದು ನನ್ನ ಮುಂದೆ ಇಟ್ಟರು. ಏಳನೇ ಸಾಲು: 'ರೂಮ್ ಬಾಡಿಗೆ ಪಾಲಿಸಿ ನಿಯಮಗಳಿಗೆ ಒಳಪಟ್ಟಿರುತ್ತದೆ.' ನಾನು ಬರೆದಿದ್ದು ಸುಳ್ಳಲ್ಲ. ಆದರೆ ಅದರಿಂದ ಅವರಿಗೆ ಏನು ತಿಳಿಯಬೇಕಿತ್ತು? ಅವರು ಬೈಯಲಿಲ್ಲ. "ಒಂದು ಮಾತು ಮೊದಲೇ ಹೇಳಬಹುದಿತ್ತಲ್ಲ ಸರ್" ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಆ ವಾರ ಕೂತು ಪತ್ರವನ್ನು ಮೊದಲಿಂದ ಬರೆದೆ. ಮೊದಲು ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡೆ: ಈ ಕಾಗದವನ್ನು ಯಾರು, ಯಾವಾಗ ಓದುತ್ತಾರೆ? ಪಾಲಿಸಿ ಬಂದ ದಿನ ಒಂದು ಸಲ ಕಣ್ಣಾಡಿಸುತ್ತಾರೆ. ಆಮೇಲೆ ಓದುವುದು ಯಾರನ್ನಾದರೂ ಅಡ್ಮಿಟ್ ಮಾಡಿದಾಗ. ಆಗ ಓದುವವರು ಪಾಲಿಸಿದಾರರೇ ಆಗಿರುವುದಿಲ್ಲ. ಅವರು ಹಾಸಿಗೆ ಮೇಲಿರುತ್ತಾರೆ. ಓದುವುದು ಹೆಂಡತಿ, ಮಗ, ಭಾವ, ಇಲ್ಲ ಪಕ್ಕದ ಮನೆಯವರು. ಅವರಿಗೆ ಪಾಲಿಸಿ ಯಾವುದು ಅಂತಲೂ ಗೊತ್ತಿರುವುದಿಲ್ಲ. ಹಾಗಾಗಿ ಪತ್ರವನ್ನು ಎರಡು ಪುಟ ಮಾಡಿದೆ. ಮೊದಲ ಪುಟ ಪಾಲಿಸಿದಾರರು ಈ ವಾರವೇ ಓದಬೇಕಾದದ್ದು. ಎರಡನೇ ಪುಟ ಆಸ್ಪತ್ರೆಯಲ್ಲಿ ಓಡಾಡುವವರಿಗೆ. ಎರಡೂ ಪುಟಕ್ಕೆ ದಪ್ಪ ಅಕ್ಷರ, ಒಂದೊಂದೇ ಮಗ್ಗುಲು. ಸ್ವಾಗತ ಅನ್ನುವುದು ಒಂದೇ ಸಾಲು.

ಮೊದಲ ಪುಟ ಶುರುವಾಗುವುದು ಹೀಗೆ:

'ನಮಸ್ಕಾರ. ನಿಮ್ಮ ಪಾಲಿಸಿ ಬಂದಿದೆ. ಇದರ ಜೊತೆ ನೀವು ಸಹಿ ಮಾಡಿದ ಅರ್ಜಿಯ ನಕಲನ್ನು ಪಿನ್ ಮಾಡಿದ್ದೇನೆ. ದಯವಿಟ್ಟು ಇವತ್ತೇ ನಾಲ್ಕು ವಿಷಯ ನೋಡಿ: ಎಲ್ಲರ ಹೆಸರು, ಹುಟ್ಟಿದ ದಿನಾಂಕ, ನಾಮಿನಿ, ಮತ್ತು ಕಾಯಿಲೆಗಳ ಬಗ್ಗೆ ನಾವು ಬರೆದ ಉತ್ತರ. ಏನಾದರೂ ತಪ್ಪಿದ್ದರೆ, ಬಿಟ್ಟುಹೋಗಿದ್ದರೆ ನನಗೆ ತಿಳಿಸಿ. ಈಗ ತಿದ್ದುವುದು ಸುಲಭ, ಕ್ಲೇಮ್ ಸಮಯದಲ್ಲಿ ಆಗುವುದಿಲ್ಲ.'

ಅರ್ಜಿಯ ನಕಲು ಪಿನ್ ಮಾಡುವುದು ಸಣ್ಣ ಕೆಲಸ, ಆದರೆ ನಾನು ಮಾಡಿದ ಬದಲಾವಣೆಗಳಲ್ಲಿ ಹೆಚ್ಚು ಫಲ ಕೊಟ್ಟಿದ್ದು ಅದೇ. ಅರ್ಜಿ ತುಂಬುವಾಗ ಜನ ಅವಸರದಲ್ಲಿರುತ್ತಾರೆ. ನಾನು ಕೇಳುತ್ತೇನೆ, ಅವರು ಹೇಳುತ್ತಾರೆ, ನಾನು ಟಿಕ್ ಹಾಕುತ್ತೇನೆ. "ಶುಗರ್ ಇದೆಯಾ?" "ಇಲ್ಲ ಇಲ್ಲ." ಆಮೇಲೆ ಮನೆಯಲ್ಲಿ ಆರಾಮಾಗಿ ಆ ಕಾಗದ ನೋಡಿದಾಗ ನೆನಪಾಗುತ್ತದೆ. ಒಬ್ಬ ಹೆಂಗಸು ಪತ್ರ ತಲುಪಿದ ಮೂರನೇ ದಿನ ಫೋನ್ ಮಾಡಿ, ತಮಗೆ ಥೈರಾಯ್ಡ್ ಮಾತ್ರೆ ನಡೆಯುತ್ತಿದೆ, ಅದು ಕಾಯಿಲೆ ಅಂತ ಅಂದುಕೊಂಡಿರಲಿಲ್ಲ ಅಂದರು. ದಿನಾ ನುಂಗುವ ಮಾತ್ರೆಯನ್ನು ಜನ ಕಾಯಿಲೆ ಅಂತ ಎಣಿಸುವುದೇ ಇಲ್ಲ. ಅದಕ್ಕೇ ಈಗ ನಾನು ಅರ್ಜಿ ತುಂಬುವಾಗ "ಏನಾದರೂ ಕಾಯಿಲೆ ಇದೆಯಾ" ಅಂತ ಕೇಳುವುದು ಬಿಟ್ಟು, "ದಿನಾ ಯಾವ ಮಾತ್ರೆ ತಗೋತೀರಿ, ಡಬ್ಬಿ ತನ್ನಿ" ಅನ್ನುತ್ತೇನೆ. ಅವರ ಥೈರಾಯ್ಡನ್ನು ಕಂಪನಿಗೆ ಬರೆದು ತಿಳಿಸಿದೆವು, ಪಾಲಿಸಿಯಲ್ಲಿ ಸೇರಿಸಿ ಕಳಿಸಿದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಆಮೇಲೆ ದಿನಾಂಕಗಳು. ಹಳೇ ಪತ್ರದಲ್ಲಿ 'ಆರಂಭಿಕ ಕಾಯುವ ಅವಧಿ 30 ದಿನ, ನಿರ್ದಿಷ್ಟ ಕಾಯಿಲೆಗಳಿಗೆ 24 ತಿಂಗಳು' ಅಂತ ಬರೆಯುತ್ತಿದ್ದೆ. ಯಾವ ದಿನದಿಂದ 30? ಹಣ ಕಟ್ಟಿದ ದಿನದಿಂದಲೋ, ಪಾಲಿಸಿ ಕೈಗೆ ಬಂದ ದಿನದಿಂದಲೋ? ಜನ ತಮಗೆ ತೋಚಿದಂತೆ ಎಣಿಸುತ್ತಾರೆ. ಈಗ ಅವಧಿ ಬರೆಯುವುದೇ ಇಲ್ಲ, ತಾರೀಖು ಬರೆಯುತ್ತೇನೆ. ಪಾಲಿಸಿ ಜೂನ್ 12ಕ್ಕೆ ಶುರುವಾಗಿದ್ದರೆ ಪತ್ರದಲ್ಲಿ ಹೀಗಿರುತ್ತದೆ:

'ಜುಲೈ 11ರವರೆಗೆ ಅಪಘಾತಕ್ಕೆ ಮಾತ್ರ ರಕ್ಷಣೆ ಇದೆ. ಜ್ವರ, ಸೋಂಕು ಮುಂತಾದ ಕಾಯಿಲೆಗೆ ಅಡ್ಮಿಟ್ ಆದರೆ ಹಣ ಬರುವುದು ಜುಲೈ 12ರಿಂದ. ಕಣ್ಣಿನ ಪೊರೆ, ಹರ್ನಿಯಾ, ಪಿತ್ತಕೋಶದ ಕಲ್ಲು ಮತ್ತು ಪಾಲಿಸಿಯ ಪಟ್ಟಿಯಲ್ಲಿರುವ ಇಂಥ ಕೆಲವು ಚಿಕಿತ್ಸೆಗಳಿಗೆ ಎರಡು ವರ್ಷ ಕಾಯಬೇಕು. ನಿಮಗೆ ಆ ದಿನ ಇಂಥ ವರ್ಷದ ಜೂನ್ 12.'

'ಇಂಥ ವರ್ಷ' ಅನ್ನುವ ಜಾಗದಲ್ಲಿ ಇಸವಿಯನ್ನು ಕೈಯಲ್ಲಿ ಬರೆಯುತ್ತೇನೆ. ಮೊದಲೇ ಇದ್ದ ಕಾಯಿಲೆಗೆ ಬೇರೆ ಅವಧಿ ಇರುತ್ತದೆ, ಅದಕ್ಕೂ ಅರ್ಜಿಯಲ್ಲಿ ಹೇಳಿದ ಕಾಯಿಲೆಯ ಹೆಸರು, ಮುಂದೆ ತಾರೀಖು. ಈ ತಾರೀಖುಗಳು ಮುರಿಯದೆ ಉಳಿಯಬೇಕಾದರೆ ಕಂತು ತಪ್ಪಬಾರದು. ಪಾಲಿಸಿ ನಿಂತು ಹೊಸದಾಗಿ ತೆಗೆದುಕೊಂಡರೆ ಎಣಿಕೆ ಮತ್ತೆ ಒಂದರಿಂದ. ಆದ್ದರಿಂದ ರಿನ್ಯೂವಲ್ ತಾರೀಖನ್ನೂ ಅದೇ ಜಾಗದಲ್ಲಿ ಬರೆಯುತ್ತೇನೆ. ಆ ತಾರೀಖು ದಾಟಿದ ಮೇಲೂ ಕಂತು ಕಟ್ಟಲು ಕೊಡುವ ಗ್ರೇಸ್ ದಿನಗಳ ಬಗ್ಗೆ ಮೊದಲ ಪುಟದಲ್ಲಿ ಹೇಳುವುದಿಲ್ಲ. ಹೇಳಿದರೆ ಎಲ್ಲರೂ ಅದನ್ನೇ ಕೊನೆಯ ದಿನ ಅಂದುಕೊಳ್ಳುತ್ತಾರೆ. ಹಣ ಕಟ್ಟದೆ ಆ ದಿನಗಳಲ್ಲಿ ಅಡ್ಮಿಟ್ ಆದರೆ ಕ್ಲೇಮ್ ಸಿಗದಿರುವ ಸಾಧ್ಯತೆ ಇರುತ್ತದೆ ಅನ್ನುವುದು ಅವರ ತಲೆಗೆ ಹೋಗುವುದಿಲ್ಲ.

ತಾರೀಖು ಹಾಕುವಾಗ ನಾನೇ ಒಮ್ಮೆ ಎಡವಿದ್ದೇನೆ. ಪಾಲಿಸಿ ಇಷ್ಟವಾಗದಿದ್ದರೆ ವಾಪಸ್ ಕೊಡಲು ಫ್ರೀ ಲುಕ್ ಅಂತ ಕೆಲವು ದಿನ ಇರುತ್ತವೆ. ಅದನ್ನು ಪಾಲಿಸಿ ಶುರುವಾದ ದಿನದಿಂದ ಎಣಿಸಿ ಬರೆದಿದ್ದೆ. ಎಣಿಸಬೇಕಾಗಿದ್ದು ದಾಖಲೆ ಅವರ ಕೈಗೆ ಸೇರಿದ ದಿನದಿಂದ. ಪುಣ್ಯಕ್ಕೆ ಯಾರಿಗೂ ತೊಂದರೆ ಆಗಲಿಲ್ಲ. ಈಗ ಪತ್ರ ಕೊಟ್ಟಾಗ ದಾಖಲೆ ತಲುಪಿದ ತಾರೀಖು ಕೇಳಿ, ಅವರ ಮುಂದೆಯೇ ಎಣಿಸಿ ಬರೆಯುತ್ತೇನೆ.

ರೂಮಿನ ವಿಷಯಕ್ಕೆ ಮೊದಲ ಪುಟದಲ್ಲಿ ಒಂದು ಡಬ್ಬಿ ಹಾಕಿದೆ. ಸುತ್ತ ಗೆರೆ ಎಳೆದ ಡಬ್ಬಿ. ಅದರಲ್ಲಿ: 'ನಿಮ್ಮ ರೂಮಿನ ಮಿತಿ ದಿನಕ್ಕೆ ಇಷ್ಟು. ಇದಕ್ಕಿಂತ ದೊಡ್ಡ ರೂಮ್ ತೆಗೆದುಕೊಂಡರೆ ಬಾಡಿಗೆಯಲ್ಲಿ ಮಾತ್ರವಲ್ಲ, ಆಪರೇಷನ್ ಮತ್ತು ಡಾಕ್ಟರ್ ಫೀಸಿನಲ್ಲೂ ಕಡಿತವಾಗುತ್ತದೆ. ಉದಾಹರಣೆ ಕೆಳಗಿದೆ.' ಕೆಳಗೆ ಆ 1200ರ ಲೆಕ್ಕವೇ ಇದೆ, ನಾಲ್ಕು ಸಾಲಿನಲ್ಲಿ. ರೂಮಿಗೆ ಮಿತಿಯೇ ಇಲ್ಲದ ಪಾಲಿಸಿಯಾದರೆ ಈ ಡಬ್ಬಿ ತೆಗೆಯುತ್ತೇನೆ. ತೆಗೆಯದೆ ಹಾಗೇ ಕೊಟ್ಟರೆ ಮಿತಿಯಿಲ್ಲದವರೂ ಹೆದರಿ ಸಣ್ಣ ರೂಮಿಗೆ ಹೋಗುತ್ತಾರೆ, ಅದೂ ನಷ್ಟವೇ. ಕೋಪೇ ಇದ್ದರೆ, ಅಂದರೆ ಒಪ್ಪಿದ ಮೊತ್ತದಲ್ಲಿ ಇಷ್ಟು ಪಾಲು ನೀವೇ ಕೊಡಬೇಕು ಅನ್ನುವ ಷರತ್ತಿದ್ದರೆ, ಡಬ್ಬಿಯಲ್ಲಿ ಇನ್ನೊಂದು ಸಾಲು ಸೇರುತ್ತದೆ. ಮೇಲಿನ ಲೆಕ್ಕದಲ್ಲಿ ಶೇಕಡಾ 10 ಕೋಪೇ ಇದ್ದಿದ್ದರೆ 860ರಲ್ಲಿ ಇನ್ನೂ 86 ಹೋಗುತ್ತಿತ್ತು. ಇದನ್ನು ಪತ್ರದಲ್ಲಿ ನೋಡಿದ ಇಬ್ಬರು "ಹಾಗಾದರೆ ಕೋಪೇ ಇಲ್ಲದ್ದೇ ಕೊಡಿ" ಅಂತ ಪಾಲಿಸಿ ಬದಲಿಸಿಕೊಂಡರು. ನನಗೆ ಓಡಾಟ ಜಾಸ್ತಿಯಾಯಿತು, ಇರಲಿ.

ಮೊದಲ ಪುಟದ ಕೊನೆಯಲ್ಲಿ ಒಂದು ಸಾಲು ಬರೆಯುವುದನ್ನು ಎಂದೂ ಮರೆಯುವುದಿಲ್ಲ: 'ಇದು ನಿಮ್ಮ ಅನುಕೂಲಕ್ಕೆ ಮಾಡಿದ ಸಾರಾಂಶ. ಈ ಪತ್ರಕ್ಕೂ ಪಾಲಿಸಿಗೂ ವ್ಯತ್ಯಾಸ ಕಂಡರೆ ಪಾಲಿಸಿಯೇ ಅಂತಿಮ. ಕ್ಲೇಮ್ ತೀರ್ಮಾನ ಕಂಪನಿಯದು, ನನ್ನದಲ್ಲ.' ಹೊಸ ಏಜೆಂಟರಿಗೆ ಇದು ಕೈ ತೊಳೆದುಕೊಳ್ಳುವ ಮಾತು ಅನ್ನಿಸುತ್ತದೆ. ಆದರೆ ನಾವು ಬರೆದು ಸಹಿ ಹಾಕಿದ ಕಾಗದ ಭರವಸೆಯಾಗಿಬಿಡುತ್ತದೆ. ಹಳೇ ಪತ್ರದಲ್ಲಿ 'ಆಸ್ಪತ್ರೆಯ ಪೂರ್ತಿ ಖರ್ಚನ್ನು ಕಂಪನಿ ಭರಿಸುತ್ತದೆ' ಅಂತ ಬರೆದಿದ್ದೆ. ಗ್ಲೌಸಿನ ದುಡ್ಡೂ ಬರದ ಪಾಲಿಸಿಗೆ 'ಪೂರ್ತಿ' ಅನ್ನುವ ಪದ! ಈಗ 'ಪೂರ್ತಿ', 'ಎಲ್ಲ', 'ಖಂಡಿತ' ಈ ಮೂರು ಪದ ಪತ್ರದಲ್ಲಿ ಎಲ್ಲಾದರೂ ನುಸುಳಿವೆಯಾ ಅಂತ ಕೊನೆಯಲ್ಲಿ ಹುಡುಕಿ ತೆಗೆಯುತ್ತೇನೆ.

ಎರಡನೇ ಪುಟ ಬರೆಯಲು ಹೆಚ್ಚು ದಿನ ಹಿಡಿಯಿತು. ಬರೆದ ಮೇಲೆ ನನ್ನ ತಂಗಿಗೆ ಕೊಟ್ಟೆ. ಅವಳಿಗೆ ವಿಮೆಯ ಗಂಧ ಗಾಳಿ ಇಲ್ಲ. "ರಾತ್ರಿ ಎರಡು ಗಂಟೆ. ನಿನ್ನ ಗಂಡನಿಗೆ ಹೊಟ್ಟೆನೋವು, ಆಸ್ಪತ್ರೆಗೆ ಬಂದಿದ್ದೀಯ. ಈ ಕಾಗದ ನೋಡಿ ಮೊದಲು ಏನು ಮಾಡ್ತೀಯ ಹೇಳು" ಅಂದೆ. ಅವಳು ಓದುತ್ತಾ ಹೋದಳು. ಸಹಾಯವಾಣಿ ನಂಬರ್ ಸಿಗಲು ಅರ್ಧ ಪುಟ ಓದಬೇಕಾಯಿತು. ಪಾಲಿಸಿ ನಂಬರ್ ಮೊದಲ ಪುಟದಲ್ಲಿತ್ತು, ಅವಳ ಕೈಯಲ್ಲಿದ್ದದ್ದು ಎರಡನೇ ಪುಟ ಮಾತ್ರ. "ಕ್ಯಾಶ್‌ಲೆಸ್ ಡೆಸ್ಕ್ ಅಂದರೆ ಎಲ್ಲಿರುತ್ತೆ ಅಣ್ಣಾ?" ಅಂತ ಕೇಳಿದಳು. ಆಸ್ಪತ್ರೆಗೆ ಕಂಪನಿಯೇ ನೇರವಾಗಿ ಹಣ ಕಟ್ಟುವ ವ್ಯವಸ್ಥೆಗೆ ಕ್ಯಾಶ್‌ಲೆಸ್ ಅನ್ನುತ್ತೇವೆ, ಅದರ ಡೆಸ್ಕ್ ಎಲ್ಲಿ ಅಂತ ನಾನು ಬರೆದೇ ಇರಲಿಲ್ಲ. ಅಷ್ಟೇ ಸಾಕಾಯಿತು. ಅವತ್ತೇ ಪಾಲಿಸಿ ನಂಬರ್, ಎಲ್ಲರ ಹೆಸರು, ಸಹಾಯವಾಣಿ, ನನ್ನ ನಂಬರ್ ಎರಡನೇ ಪುಟದ ನೆತ್ತಿಗೆ ಏರಿದವು.

ಅದರ ಕೆಳಗೆ ಈಗ ಇರುವುದು ಇದು:

'ಆಸ್ಪತ್ರೆಗೆ ಬಂದ ಕೂಡಲೇ ಬಿಲ್ಲಿಂಗ್ ಕೌಂಟರಿನ ಹತ್ತಿರ ಇನ್ಶೂರೆನ್ಸ್ ಡೆಸ್ಕ್ ಎಲ್ಲಿದೆ ಕೇಳಿ. ಅಲ್ಲಿ ಎರಡು ಪ್ರಶ್ನೆ ಕೇಳಿ: ನಮ್ಮ ಕಂಪನಿಗೆ ಇಲ್ಲಿ ಕ್ಯಾಶ್‌ಲೆಸ್ ಇದೆಯಾ? ನಮ್ಮ ಮಿತಿಯೊಳಗಿನ ರೂಮ್ ಯಾವುದು? ಪಾಲಿಸಿ ಕಾರ್ಡು ಮತ್ತು ರೋಗಿಯ ಗುರುತಿನ ಚೀಟಿ ಕೊಡಿ. ಅವರು ಒಂದು ಫಾರಂ ತುಂಬಿ ಕಂಪನಿಗೆ ಕಳಿಸುತ್ತಾರೆ. ತುರ್ತಾಗಿ ಅಡ್ಮಿಟ್ ಆಗಿದ್ದರೆ 24 ಗಂಟೆಯೊಳಗೆ ಸಹಾಯವಾಣಿಗೆ ನೀವೂ ತಿಳಿಸಿ, ಅವರು ಕೊಡುವ ನಂಬರನ್ನು ಈ ಕಾಗದದ ಹಿಂದೆ ಬರೆದಿಡಿ. ಮೊದಲೇ ದಿನ ಗೊತ್ತುಮಾಡಿದ ಆಪರೇಷನ್ ಆದರೆ ಮೂರು ದಿನ ಮುಂಚೆ ತಿಳಿಸಿ.'

24 ಗಂಟೆ, ಮೂರು ದಿನ ಅನ್ನುವುದು ಪಾಲಿಸಿಯಿಂದ ಪಾಲಿಸಿಗೆ ಬದಲಾಗುತ್ತದೆ. ಪ್ರತಿ ಪತ್ರದಲ್ಲೂ ಆ ಪಾಲಿಸಿಯ ಪುಸ್ತಕ ನೋಡಿ ಹಾಕುತ್ತೇನೆ. ನಕಲು ಹೊಡೆದು ಅಂಟಿಸುವ ಜಾಗ ಇದಲ್ಲ.

ಕ್ಯಾಶ್‌ಲೆಸ್‌ನಲ್ಲಿ ಜನ ಕಂಗಾಲಾಗುವ ಜಾಗಗಳು ಎರಡು. ಒಂದು, ಮೊದಲ ಮಂಜೂರಾತಿ ಬಂದಾಗ. ಆಸ್ಪತ್ರೆ 1000 ಅಂದಾಜು ಕಳಿಸಿರುತ್ತದೆ, ಕಂಪನಿ 400 ಒಪ್ಪಿದೆ ಅಂತ ಮೆಸೇಜ್ ಬರುತ್ತದೆ. ಬಾಕಿ 600 ನಾವೇ ಕಟ್ಟಬೇಕು ಅಂದುಕೊಂಡು ರಾತ್ರೋರಾತ್ರಿ ಸಾಲಕ್ಕೆ ಓಡಾಡಿದವರನ್ನು ನೋಡಿದ್ದೇನೆ. ಅದು ಮೊದಲ ಕಂತಿನ ಒಪ್ಪಿಗೆ ಮಾತ್ರ. ಚಿಕಿತ್ಸೆ ನಡೆದಂತೆ ಆಸ್ಪತ್ರೆ ಮತ್ತೆ ಕೇಳುತ್ತದೆ, ಕೊನೆಯ ಬಿಲ್ಲು ಮತ್ತು ಡಿಸ್ಚಾರ್ಜ್ ಸಮ್ಮರಿ ಹೋದ ಮೇಲೆ ಕೊನೆಯ ಮೊತ್ತ ತೀರ್ಮಾನವಾಗುತ್ತದೆ. ಎರಡು, ಕ್ಯಾಶ್‌ಲೆಸ್ ಕೊಡಲಾಗದು ಅಂತ ಕಂಪನಿ ಉತ್ತರ ಕೊಟ್ಟಾಗ. ಕಾಗದ ಸಾಲದು, ಕಾಯಿಲೆಯ ಕಾರಣ ಸ್ಪಷ್ಟವಿಲ್ಲ ಅನ್ನುವ ಕಾರಣಕ್ಕೂ ಹಾಗೆ ಬರಬಹುದು. ಕ್ಯಾಶ್‌ಲೆಸ್ ಸಿಗಲಿಲ್ಲ ಅಂದರೆ ಕ್ಲೇಮೇ ಹೋಯಿತು ಅಂತಲ್ಲ. ಹಣ ಕಟ್ಟಿ, ಕಾಗದ ಇಟ್ಟುಕೊಂಡು, ಆಮೇಲೆ ವಾಪಸ್ ಕೇಳಬಹುದು. ಇವೆರಡಕ್ಕೂ ಪತ್ರದಲ್ಲಿ ಒಂದೊಂದು ಸಾಲು ಇದೆ. ಜೊತೆಗೆ ಇನ್ನೊಂದು: 'ನಾಳೆ ಡಿಸ್ಚಾರ್ಜ್ ಅಂತ ಡಾಕ್ಟರ್ ಹೇಳಿದರೆ ಇವತ್ತು ಸಂಜೆಯೇ ಇನ್ಶೂರೆನ್ಸ್ ಡೆಸ್ಕಿಗೆ ಹೇಳಿ. ಕೊನೆಯ ಬಿಲ್ ಕಳಿಸಿ ಉತ್ತರ ಬರಲು ಗಂಟೆಗಟ್ಟಲೆ ಆಗುತ್ತದೆ.' ಬಟ್ಟೆ ಕಟ್ಟಿಕೊಂಡು ಬೆಳಗ್ಗಿನಿಂದ ಸಂಜೆವರೆಗೆ ಕಾದು ಕೂತವರ ಬೈಗುಳ ತಿಂದ ಮೇಲೆ ಸೇರಿಸಿದ ಸಾಲು ಅದು.

ಹಣ ಕಟ್ಟಿ ಆಮೇಲೆ ಕೇಳುವ ದಾರಿಗೆ ಪುಟದ ಕೆಳಗಿನ ಭಾಗ. ಆಸ್ಪತ್ರೆಯಿಂದ ಹೊರಡುವ ಮುನ್ನ ಕೈಯಲ್ಲಿ ಇರಬೇಕಾದ ಕಾಗದಗಳು: ಡಿಸ್ಚಾರ್ಜ್ ಸಮ್ಮರಿ, ಬಿಡಿಬಿಡಿಯಾಗಿ ಬರೆದ ಕೊನೆಯ ಬಿಲ್, ಹಣ ಕಟ್ಟಿದ ರಸೀದಿ, ಔಷಧಿ ಬಿಲ್ ಮತ್ತು ಅದಕ್ಕೆ ಡಾಕ್ಟರ್ ಬರೆದ ಚೀಟಿ, ಪರೀಕ್ಷೆಗಳ ವರದಿ, ಕ್ಲೇಮ್ ಫಾರಂನಲ್ಲಿ ಆಸ್ಪತ್ರೆ ತುಂಬಬೇಕಾದ ಭಾಗ. ಮೈಯೊಳಗೆ ಪ್ಲೇಟು, ಸ್ಟೆಂಟು, ಕಣ್ಣಿನ ಲೆನ್ಸು ಏನಾದರೂ ಹಾಕಿದ್ದರೆ ಅದರ ಡಬ್ಬಿಯ ಮೇಲಿನ ಸ್ಟಿಕ್ಕರ್. ಈ ಸ್ಟಿಕ್ಕರ್ ಮರೆತವರು ಬಹಳ. ಆಪರೇಷನ್ ಆಗಿ ತಿಂಗಳಾದ ಮೇಲೆ ಥಿಯೇಟರಿನಲ್ಲಿ ಸ್ಟಿಕ್ಕರ್ ಹುಡುಕುವುದು ಎಂಥ ಕೆಲಸ ಅಂತ ಆ ಮೂಳೆ ಮುರಿತದ ಕ್ಲೇಮ್‌ನಲ್ಲೇ ಅನುಭವಿಸಿದ್ದೆ. ಬಿಲ್ಲಿಗೂ ರಸೀದಿಗೂ ವ್ಯತ್ಯಾಸ ಗೊತ್ತಿಲ್ಲದವರೂ ಇದ್ದಾರೆ. ಬಿಲ್ ಅಂದರೆ ಎಷ್ಟಾಯಿತು ಅನ್ನುವುದು, ರಸೀದಿ ಅಂದರೆ ಕಟ್ಟಿದ್ದೀರಿ ಅನ್ನುವುದು. ಎರಡೂ ಬೇಕು. ಅಸಲು ಕಳಿಸುವ ಮುಂಚೆ ಎಲ್ಲದರ ಫೋಟೋ ತೆಗೆದಿಡಬೇಕು. ಕಳಿಸಲು ಕೊನೆಯ ದಿನ ಡಿಸ್ಚಾರ್ಜ್‌ನಿಂದ ಎಷ್ಟು ಅಂತ ಪಾಲಿಸಿ ನೋಡಿ ಬರೆಯುತ್ತೇನೆ. ಅಡ್ಮಿಟ್ ಆಗುವ ಮುಂಚಿನ ಪರೀಕ್ಷೆ, ಮನೆಗೆ ಬಂದ ಮೇಲಿನ ಔಷಧಿಗೂ ಕೆಲವು ದಿನಗಳ ಮಟ್ಟಿಗೆ ಹಣ ಬರುತ್ತದೆ. ಅದನ್ನು ಕೇಳುವವರೇ ಕಡಿಮೆ, ಅದಕ್ಕೂ ಒಂದು ಸಾಲು ಹಾಕಿದ್ದೇನೆ.

ಇದು ಎರಡನೇ ಸಲ ಬರೆದ ಪತ್ರ. ಇದೇ ಕೊನೆ ಅಂದುಕೊಂಡಿದ್ದೆ. ಮೂರನೇ ಸಲ ತಿದ್ದುವಂತೆ ಮಾಡಿದ್ದು ಒಂದು ಅಪೆಂಡಿಕ್ಸ್.

ಪಾಲಿಸಿ ಮಾಡಿಸಿ 14 ತಿಂಗಳಾದ ಒಬ್ಬರಿಗೆ ರಾತ್ರಿ ಹೊಟ್ಟೆನೋವು ಬಂದು ಅಡ್ಮಿಟ್ ಆದರು. ಜೊತೆಗೆ ಹೋದವರು ಅವರ ಭಾವಮೈದುನ. ಪತ್ರ ಕೈಯಲ್ಲಿತ್ತು, ಡೆಸ್ಕಿಗೆ ಹೋದರು, ಸರಿಯಾದ ರೂಮ್ ಕೇಳಿದರು, ಸಹಾಯವಾಣಿಗೆ ತಿಳಿಸಿದರು. ನನಗೆ ಫೋನ್ ಬಂದಿದ್ದು ಬೆಳಗ್ಗೆ, ಆಗಲೇ ಎಲ್ಲ ಆಗಿತ್ತು. ಒಳಗೊಳಗೇ ಹಿಗ್ಗಿದೆ. ಮಧ್ಯಾಹ್ನ ಕಂಪನಿಯಿಂದ ಪ್ರಶ್ನೆ ಬಂತು: ರೋಗಿಗೆ ನಾಲ್ಕು ವರ್ಷದಿಂದ ಬಿಪಿ ಇದೆ ಅಂತ ಆಸ್ಪತ್ರೆಯ ಕಾಗದದಲ್ಲಿದೆ, ಅರ್ಜಿಯಲ್ಲಿ ಯಾಕೆ ತಿಳಿಸಿಲ್ಲ?

ಅಪೆಂಡಿಕ್ಸಿಗೂ ಬಿಪಿಗೂ ಏನು ಸಂಬಂಧ ಅಂತ ಮನೆಯವರು ಕೇಳಿದರು. ಕಾಯಿಲೆಗೆ ಸಂಬಂಧವಿಲ್ಲ. ಆದರೆ 14 ತಿಂಗಳ ಪಾಲಿಸಿ, ನಾಲ್ಕು ವರ್ಷದ ಬಿಪಿ ಅಂದರೆ ಅರ್ಜಿಯಲ್ಲಿ ಮುಚ್ಚಿಟ್ಟಿದ್ದಾರೆ ಅನ್ನುವ ಅನುಮಾನ ಬಂದೇ ಬರುತ್ತದೆ. ಅದು ಸಾಬೀತಾದರೆ ಈ ಕ್ಲೇಮ್ ಒಂದೇ ಅಲ್ಲ, ಪಾಲಿಸಿಯೇ ಅಲುಗಾಡುತ್ತದೆ. ನಿಜ ಏನೆಂದರೆ ಅವರಿಗೆ ಬಿಪಿ ಗೊತ್ತಾಗಿ ಐದು ತಿಂಗಳಾಗಿತ್ತು. ಹಾಗಾದರೆ ನಾಲ್ಕು ವರ್ಷ ಎಲ್ಲಿಂದ ಬಂತು? ಅಡ್ಮಿಟ್ ಮಾಡುವಾಗ ನರ್ಸ್ "ಬಿಪಿ ಇದೆಯಾ, ಎಷ್ಟು ವರ್ಷದಿಂದ?" ಅಂತ ಕೇಳಿದ್ದಾರೆ. ರೋಗಿ ನೋವಿನಲ್ಲಿದ್ದರು. ಭಾವಮೈದುನ "ಹೂಂ ಇದೆ, ಮೂರ್ನಾಲ್ಕು ವರ್ಷ ಆಗಿರಬೇಕು" ಅಂದಿದ್ದಾರೆ. ಸುಮ್ನೆ ಬಾಯಿಗೆ ಬಂದ ಅಂದಾಜು. ನರ್ಸ್ ಬರೆದುಕೊಂಡರು. ಅಲ್ಲಿಂದ ಅದು ಡಾಕ್ಟರ ಟಿಪ್ಪಣಿಗೆ ಹೋಯಿತು, ಕಂಪನಿಗೂ ಹೋಯಿತು.

ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ, ಕಾಗದಕ್ಕೆ ಮಾತ್ರ. ಬಿಪಿಗೆ ಮೊದಲ ಸಲ ಮಾತ್ರೆ ಬರೆದ ಚೀಟಿ ಹುಡುಕಿಸಿದೆ. ಮನೆಯಲ್ಲಿ ಸಿಕ್ಕಿತು, ತಾರೀಖು ಸ್ಪಷ್ಟವಾಗಿತ್ತು. ಆ ಡಾಕ್ಟರಿಂದ, 'ಇವರಿಗೆ ಮೊದಲ ಸಲ ಬಿಪಿ ಕಂಡಿದ್ದು ಇಂಥ ದಿನ' ಅಂತ ಒಂದು ಪತ್ರ ಬರೆಸಿಕೊಂಡೆವು. ಆಸ್ಪತ್ರೆಯ ಡಾಕ್ಟರ್ ಆ ಚೀಟಿ ನೋಡಿ, ಮೊದಲು ಬರೆದದ್ದು ಜೊತೆಗೆ ಬಂದವರ ಹೇಳಿಕೆ ಅಂತ ಟಿಪ್ಪಣಿಯಲ್ಲಿ ಸ್ಪಷ್ಟಪಡಿಸಿದರು. ಮೊದಲಿನದನ್ನು ಹೊಡೆದು ಹಾಕಲಿಲ್ಲ, ಹಾಕಬಾರದು ಕೂಡ. ತಿದ್ದಿದ ಕಾಗದ ಕಂಡರೆ ಅನುಮಾನ ಎರಡರಷ್ಟಾಗುತ್ತದೆ. ಅಷ್ಟರಲ್ಲಿ ಡಿಸ್ಚಾರ್ಜ್ ದಿನ ಬಂದಿತ್ತು, ಕ್ಯಾಶ್‌ಲೆಸ್ ಕೈತಪ್ಪಿತು. ಹಣ ಕಟ್ಟಿ ಬಂದು, ಎಲ್ಲ ಕಾಗದ ಕಳಿಸಿದ ಮೇಲೆ ಕ್ಲೇಮ್ ಬಂತು. ಭಾವಮೈದುನ ಮಾತ್ರ ಬಹಳ ನೊಂದುಕೊಂಡಿದ್ದರು.

ಅದಾದ ಮೇಲೆ ಎರಡನೇ ಪುಟದಲ್ಲಿ, ಸಹಾಯವಾಣಿ ನಂಬರಿನ ಕೆಳಗೇ, ಇದು ಬಂತು:

'ಅಡ್ಮಿಟ್ ಮಾಡುವಾಗ ಹಳೇ ಕಾಯಿಲೆ ಬಗ್ಗೆ ಕೇಳುತ್ತಾರೆ. ಇರುವುದನ್ನು ಮುಚ್ಚಿಡಬೇಡಿ, ಚಿಕಿತ್ಸೆಗೆ ಅದು ಬೇಕು. ಆದರೆ ಎಷ್ಟು ವರ್ಷ ಅಂತ ಅಂದಾಜಿನ ಮೇಲೆ ಹೇಳಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಗೊತ್ತಿರುವವರನ್ನು ಕೇಳಿ ಹೇಳಿ. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ ಹೆಸರು, ವಯಸ್ಸು, ಕಾಯಿಲೆಯ ಅವಧಿ ಸರಿಯಿದೆಯಾ ಓದಿ. ತಪ್ಪಿದ್ದರೆ ಅಲ್ಲೇ ಡಾಕ್ಟರಿಗೆ ಹೇಳಿ.'

ಮೊದಲ ಪುಟಕ್ಕೂ ಒಂದು ಕೆಲಸ ಸೇರಿತು. ಹೊಸದಾಗಿ ಬಿಪಿ, ಶುಗರ್ ಏನೇ ಕಂಡರೂ ಮೊದಲ ಚೀಟಿಯನ್ನು ಪಾಲಿಸಿಯ ಜೊತೆ ಇಡಿ ಅಂತ. ಆ ಚೀಟಿ ಸಿಕ್ಕದೇ ಹೋಗಿದ್ದರೆ ಅಪೆಂಡಿಕ್ಸಿನ ಕ್ಲೇಮ್ ಎಲ್ಲಿಗೆ ಹೋಗುತ್ತಿತ್ತೋ.

ಈಗ ಪತ್ರವನ್ನು ಕೈಗೆ ಕೊಟ್ಟು ಬರುವುದಿಲ್ಲ, ಹತ್ತು ನಿಮಿಷ ಕೂರುತ್ತೇನೆ. ಎರಡನೇ ಪುಟವನ್ನು ಯಾರಿಗೆ ಕಳಿಸಲಿ ಅಂತ ಪಾಲಿಸಿದಾರರನ್ನು ಕೇಳುತ್ತೇನೆ. ನಿಮಗೇನಾದರೂ ಆದರೆ ಆಸ್ಪತ್ರೆಗೆ ಓಡಿ ಬರುವವರು ಯಾರು, ಅವರ ನಂಬರ್ ಕೊಡಿ ಅಂತ. ಕೆಲವರು ಥಟ್ಟಂತ ಹೇಳುತ್ತಾರೆ. ಕೆಲವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ನಂಬರ್ ಸಿಕ್ಕ ಮೇಲೆ ಅಲ್ಲಿಂದಲೇ ಫೋಟೋ ಕಳಿಸಿ, ಒಂದು ಫೋನ್ ಮಾಡಿ, ಇದು ಏನು ಅಂತ ಎರಡು ಮಾತು ಹೇಳುತ್ತೇನೆ. ಮೊನ್ನೆ ಹಾಗೆ ಫೋನ್ ಮಾಡಿದಾಗ ಆ ಕಡೆಯಿಂದ ಒಬ್ಬ ಹುಡುಗ, "ಅಂಕಲ್, ಅಪ್ಪಂಗೆ ಏನಾಯ್ತು?" ಅಂತ ಗಾಬರಿಯಾದ. ಏನೂ ಆಗಿಲ್ಲ, ಪಕ್ಕದಲ್ಲೇ ಕೂತಿದ್ದಾರೆ ಅಂತ ಫೋನ್ ಅವರ ಕೈಗೆ ಕೊಟ್ಟೆ. ಈಗ ಮೊದಲು ಅವರ ಕೈಲೇ ಮಾತಾಡಿಸಿ, ಆಮೇಲೆ ನಾನು ಮಾತಾಡುತ್ತೇನೆ.